ಡಾಲರ್ ಶುಲ್ಕದ ಕಂತು: ಖಾತೆಯಿಂದ ಹೋಗುವ ರೂಪಾಯಿಯ ಪೂರ್ತಿ ಲೆಕ್ಕ

ಮಕ್ಕಳನ್ನು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳುಹಿಸಿರುವ ಪೋಷಕರು ಸೆಮಿಸ್ಟರ್ ಶುಲ್ಕ ಕಟ್ಟುವ ಕಾಲ ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. ಮೊಬೈಲಿನಲ್ಲಿ ಡಾಲರಿಗೆ 90 ರೂಪಾಯಿ ಎಂದು ತೋರಿಸುತ್ತಿದೆ, ಬ್ಯಾಂಕು ಮಾತ್ರ ತೊಂಬತ್ತೊಂದೂವರೆಯ ಲೆಕ್ಕದಲ್ಲಿ ಹಣ ಹಿಡಿದಿದೆ, ಅದರ ಮೇಲೆ ಇನ್ನೂ ಮೂರು ಸಾಲು ಶುಲ್ಕ ಹಾಕಿದೆ. ಇದೆಲ್ಲ ಸರಿಯೇ, ಇದನ್ನು ಕಡಿಮೆ ಮಾಡಿಕೊಳ್ಳಲು ದಾರಿ ಇದೆಯೇ ಎಂಬುದು ಆ ಪ್ರಶ್ನೆ. ದಾರಿ ಇದೆ. ಆದರೆ ಹೆಚ್ಚಿನವರು ಚೌಕಾಸಿ ಮಾಡುವುದು ಸಾವಿರ ರೂಪಾಯಿಯ ರವಾನೆ ಶುಲ್ಕದ ಬಗ್ಗೆ. ಹಣ ನಿಜವಾಗಿ ಸೋರುವುದು ವಿನಿಮಯ ದರದಲ್ಲಿ, ಅದಕ್ಕೆ ರಸೀದಿಯಲ್ಲಿ ಪ್ರತ್ಯೇಕ ಸಾಲೇ ಇರುವುದಿಲ್ಲ.

ಈ ಲೇಖನದಲ್ಲಿ ಒಂದೇ ಉದಾಹರಣೆಯನ್ನು ಕೊನೆಯವರೆಗೂ ಹಿಡಿದು ಸಾಗೋಣ. ವಿದ್ಯಾರ್ಥಿಯೊಬ್ಬರ ಶುಲ್ಕದ ಕಂತು 9,000 ಡಾಲರ್. ಆಗಸ್ಟ್‌ನಲ್ಲಿ ಒಂದು ಕಂತು, ಜನವರಿಯಲ್ಲಿ ಇನ್ನೊಂದು. ಲೆಕ್ಕ ಸುಲಭವಾಗಲೆಂದು ಮಾರುಕಟ್ಟೆಯ ದರ ಡಾಲರಿಗೆ 90 ರೂಪಾಯಿ ಎಂದು ಇಟ್ಟುಕೊಳ್ಳುತ್ತೇನೆ. ಬ್ಯಾಂಕಿನ ದರಗಳು ಮತ್ತು ಸೇವಾ ಶುಲ್ಕಗಳು ಕೂಡ ಉದಾಹರಣೆಗೆಂದು ಇಟ್ಟುಕೊಂಡವು. ನೀವು ಕಟ್ಟುವ ದಿನದ ಅಂಕಿಗಳನ್ನು ಆ ಜಾಗಗಳಲ್ಲಿ ತುಂಬಿಕೊಳ್ಳಬೇಕು. ತೆರಿಗೆಯ ಲೆಕ್ಕ ಮಾತ್ರ ನಿಯಮದಲ್ಲಿ ಇರುವಂತೆಯೇ ಇದೆ.

ಮೊದಲು ಕೈಯಲ್ಲಿ ಇರಬೇಕಾದವು

ಹಣ ಕಳುಹಿಸುವವರ ಪ್ಯಾನ್ ಕಾರ್ಡ್, ವಿದ್ಯಾರ್ಥಿಯ ಪಾಸ್‌ಪೋರ್ಟ್ ಪ್ರತಿ, ಪ್ರವೇಶ ಪತ್ರ ಅಥವಾ ಐ-20 (ವಿದ್ಯಾರ್ಥಿ ವೀಸಾಕ್ಕಾಗಿ ಅಮೆರಿಕದ ವಿಶ್ವವಿದ್ಯಾಲಯ ಕೊಡುವ ಅರ್ಹತಾ ಪತ್ರ), ಮತ್ತು ಈ ಕಂತಿನ ಮೊತ್ತ ಹಾಗೂ ಕೊನೆಯ ದಿನಾಂಕ ಇರುವ ಶುಲ್ಕದ ಬಿಲ್ ಬೇಕು. ಶಿಕ್ಷಣ ಸಾಲದಿಂದ ಕಟ್ಟುವುದಾದರೆ ಸಾಲ ಮಂಜೂರಾತಿ ಪತ್ರವೂ ಬೇಕು. ಪೋಷಕರು ಕಳುಹಿಸುವುದಾದರೆ ವಿದ್ಯಾರ್ಥಿಯೊಂದಿಗಿನ ಸಂಬಂಧಕ್ಕೆ ದಾಖಲೆಯನ್ನು ಕೆಲವು ಬ್ಯಾಂಕುಗಳು ಕೇಳುತ್ತವೆ; ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆ ತಾಯಿಯ ಹೆಸರು ಇದ್ದರೆ ಸಾಮಾನ್ಯವಾಗಿ ಅದೇ ಸಾಕಾಗುತ್ತದೆ.

ಖಾತೆ ಎಲ್ಲಿದೆ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. ವಿದೇಶಿ ವಿನಿಮಯ ವ್ಯವಹಾರಕ್ಕೆ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಬ್ಯಾಂಕನ್ನು ‘ಅಧಿಕೃತ ಡೀಲರ್’ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಅನೇಕರ ಉಳಿತಾಯ ಸಹಕಾರಿ ಬ್ಯಾಂಕುಗಳಲ್ಲಿರುತ್ತದೆ, ಅವುಗಳಲ್ಲಿ ಬಹುಪಾಲು ಈ ವ್ಯವಹಾರ ಮಾಡುವುದಿಲ್ಲ. ಅಂಥವರು ಹಣವನ್ನು ಬೇರೊಂದು ಬ್ಯಾಂಕಿನಲ್ಲಿರುವ ತಮ್ಮದೇ ಖಾತೆಗೆ ಆರ್‌ಟಿಜಿಎಸ್ ಮೂಲಕ ಮೊದಲು ವರ್ಗಾಯಿಸಿಕೊಳ್ಳಬೇಕಾಗುತ್ತದೆ. ಆ ಖಾತೆ ಹೊಸದಾಗಿದ್ದರೆ ಹಳೆಯ ಬ್ಯಾಂಕಿನ ಒಂದು ವರ್ಷದ ಸ್ಟೇಟ್‌ಮೆಂಟ್ ಅಥವಾ ಆದಾಯ ತೆರಿಗೆ ರಿಟರ್ನ್ ಕೇಳುವುದು ವಾಡಿಕೆ. ಅಧಿಕೃತ ಡೀಲರ್ ಬ್ಯಾಂಕಿನಲ್ಲಿಯೂ ಎಲ್ಲ ಶಾಖೆಗಳು ಈ ಕೆಲಸ ಮಾಡುವುದಿಲ್ಲ. ತಾಲ್ಲೂಕು ಕೇಂದ್ರದ ಶಾಖೆ ನಿಮ್ಮ ಕಾಗದಗಳನ್ನು ದೊಡ್ಡ ಊರಿನ ವಿದೇಶಿ ವಿನಿಮಯ ಶಾಖೆಗೆ ಕಳುಹಿಸುತ್ತದೆ, ಒಂದು ಸಹಿ ತಪ್ಪಿದ್ದರೂ ಅವು ಮರಳಿ ಬರುತ್ತವೆ. ಆದ್ದರಿಂದ ಕೊನೆಯ ದಿನಾಂಕಕ್ಕೆ ಕನಿಷ್ಠ ಏಳು ಕೆಲಸದ ದಿನ ಇರುವಾಗಲೇ ಆರಂಭಿಸುವುದು ಕ್ಷೇಮ.

ಹಂತ 1: ಯಾವ ದರದ ಬಗ್ಗೆ ಮಾತಾಡುತ್ತಿದ್ದೀರಿ ಎಂದು ಗೊತ್ತುಮಾಡಿಕೊಳ್ಳಿ

ಮೊಬೈಲಿನಲ್ಲಿ ಹುಡುಕಿದಾಗ ಸಿಗುವ ದರ ‘ಮಧ್ಯದ ದರ’. ಬ್ಯಾಂಕುಗಳು ತಮ್ಮತಮ್ಮೊಳಗೆ ಡಾಲರ್ ಕೊಳ್ಳುವ ಮತ್ತು ಮಾರುವ ದರಗಳ ನಡುವಿನ ಅಂಕಿ ಅದು. ಆ ದರಕ್ಕೆ ಗ್ರಾಹಕರಿಗೆ ಡಾಲರ್ ಸಿಗುವುದಿಲ್ಲ, ಆದರೆ ಅಳತೆಗೋಲಾಗಿ ಅದು ಬಹಳ ಉಪಯುಕ್ತ. ಬ್ಯಾಂಕು ನಿಮಗೆ ಮಾರುವ ದರಕ್ಕೂ ಈ ಮಧ್ಯದ ದರಕ್ಕೂ ಇರುವ ಅಂತರವನ್ನೇ ಈ ಲೇಖನದಲ್ಲಿ ‘ಸ್ಪ್ರೆಡ್’ ಎಂದು ಕರೆಯುತ್ತೇನೆ. ಕೆಲವು ಬ್ಯಾಂಕುಗಳಲ್ಲಿ ಇದಕ್ಕೆ ‘ಮಾರ್ಜಿನ್’ ಎನ್ನುತ್ತಾರೆ.

ಬ್ಯಾಂಕುಗಳು ಪ್ರತಿ ಕೆಲಸದ ದಿನ ಬೆಳಿಗ್ಗೆ ದರಪಟ್ಟಿಯೊಂದನ್ನು ಹೊರಡಿಸುತ್ತವೆ. ಅದಕ್ಕೆ ‘ಕಾರ್ಡ್ ರೇಟ್’ ಎಂದು ಹೆಸರು, ಬಹುತೇಕ ಬ್ಯಾಂಕುಗಳ ಜಾಲತಾಣದಲ್ಲಿಯೂ ಅದು ಸಿಗುತ್ತದೆ. ಎಡಗಡೆ ಕರೆನ್ಸಿಯ ಹೆಸರು, ಬಲಕ್ಕೆ ಒಂದರ ಪಕ್ಕ ಒಂದು ಅಂಕಿಗಳು: ಟಿಟಿ ಬೈಯಿಂಗ್, ಬಿಲ್ ಬೈಯಿಂಗ್, ಟಿಟಿ ಸೆಲ್ಲಿಂಗ್, ಬಿಲ್ ಸೆಲ್ಲಿಂಗ್, ಕೊನೆಗೆ ನೋಟುಗಳ ಮತ್ತು ಟ್ರಾವೆಲ್ ಕಾರ್ಡಿನ ದರ. ನೀವು ನೋಡಬೇಕಾದ್ದು ಟಿಟಿ ಸೆಲ್ಲಿಂಗ್ ಅಂಕಣವನ್ನು ಮಾತ್ರ. ಟಿಟಿ ಎಂದರೆ ತಂತಿ ಮೂಲಕದ ವರ್ಗಾವಣೆ, ಸೆಲ್ಲಿಂಗ್ ಎಂದರೆ ಬ್ಯಾಂಕು ನಿಮಗೆ ಡಾಲರ್ ಮಾರುವುದು. ಬಿಲ್ ಸೆಲ್ಲಿಂಗ್ ದರ ಇದಕ್ಕಿಂತ ಹೆಚ್ಚಿರುತ್ತದೆ, ನೋಟಿನ ದರ ಇನ್ನೂ ಹೆಚ್ಚು. ಶುಲ್ಕದ ರವಾನೆಗೆ ಇವೆರಡರಲ್ಲಿ ಒಂದನ್ನು ಹಾಕಿರುವುದು ಕಂಡರೆ ಕೂಡಲೇ ಕೇಳಿ, ತಿದ್ದಿಸಿ.

ಕಾರ್ಡ್ ರೇಟ್ ಬೆಳಿಗ್ಗೆ ಹೊರಟು ದಿನವಿಡೀ ನಿಲ್ಲಬೇಕಾದ ದರ. ಅಷ್ಟರಲ್ಲಿ ಮಾರುಕಟ್ಟೆ ಏರಿದರೂ ನಷ್ಟವಾಗದಿರಲಿ ಎಂದು ಬ್ಯಾಂಕು ಅದರಲ್ಲಿ ದೊಡ್ಡ ಅಂತರ ಇಟ್ಟುಕೊಳ್ಳುತ್ತದೆ. ನಮ್ಮ ಉದಾಹರಣೆಯಲ್ಲಿ ಅದು 1 ರೂಪಾಯಿ 40 ಪೈಸೆ ಎನ್ನೋಣ, ಅಂದರೆ ಟಿಟಿ ಸೆಲ್ಲಿಂಗ್ ದರ 91.40. ಡಾಲರಿಗೆ ಒಂದೂವರೆ ರೂಪಾಯಿ ಆಚೀಚೆ ಎಂದರೆ ಕಿವಿಗೆ ಚಿಲ್ಲರೆ ಎನಿಸುತ್ತದೆ; 9,000 ಡಾಲರಿಗೆ ಈ ಅಂತರ 12,600 ರೂಪಾಯಿ.

ಹಂತ 2: ಡೀಲ್ ರೇಟ್ ಕೇಳಿ

ಕಾರ್ಡ್ ರೇಟ್ ಎಂಬುದು ಏನನ್ನೂ ಕೇಳದ ಗ್ರಾಹಕರಿಗೆ ಸಿಗುವ ದರ. ಮೊತ್ತ ಸ್ವಲ್ಪ ದೊಡ್ಡದಾಗಿದ್ದರೆ ಶಾಖೆಯವರು ಬ್ಯಾಂಕಿನ ಟ್ರೆಷರಿಗೆ, ಅಂದರೆ ಮುಖ್ಯ ಕಚೇರಿಯಲ್ಲಿ ಡಾಲರ್ ಕೊಳ್ಳುವ ಮಾರುವ ವಿಭಾಗಕ್ಕೆ, ಫೋನ್ ಮಾಡಿ ಆ ಕ್ಷಣದ ದರ ತರಿಸಬಹುದು. ಇದನ್ನು ‘ಡೀಲ್ ರೇಟ್’ ಅಥವಾ ‘ಲೈವ್ ರೇಟ್’ ಎನ್ನುತ್ತಾರೆ. ಎಷ್ಟು ಡಾಲರಿನಿಂದ ಈ ಸೌಲಭ್ಯ ಎಂಬುದು ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆ, ಆದರೆ ಸೆಮಿಸ್ಟರ್ ಶುಲ್ಕದಷ್ಟು ಮೊತ್ತಕ್ಕೆ ಕೇಳಲು ಸಂಕೋಚ ಪಡಬೇಕಾಗಿಲ್ಲ.

ಕೇಳುವ ರೀತಿಯೂ ಮುಖ್ಯ. “ಸರ್, ಸ್ವಲ್ಪ ಕಡಿಮೆ ಮಾಡಿ” ಎಂದರೆ ರವಾನೆ ಶುಲ್ಕದಲ್ಲಿ ಇನ್ನೂರು ರೂಪಾಯಿ ಬಿಟ್ಟು ಕಳುಹಿಸುತ್ತಾರೆ. “ಸರ್, ಒಂಬತ್ತು ಸಾವಿರ ಡಾಲರ್ ಟ್ಯೂಷನ್ ಫೀ ರವಾನೆ ಇದೆ. ಕಾರ್ಡ್ ರೇಟ್ ಬೇಡ, ಟ್ರೆಷರಿಯಿಂದ ಡೀಲ್ ರೇಟ್ ತೆಗೆಸಿಕೊಡಿ. ಮಾರುಕಟ್ಟೆಯ ದರದ ಮೇಲೆ ಎಷ್ಟು ಪೈಸೆ ಮಾರ್ಜಿನ್ ಹಾಕುತ್ತೀರಿ ಹೇಳಿ” ಎಂದು ಕೇಳಿ. ಪೈಸೆಯ ಲೆಕ್ಕದಲ್ಲಿ ಕೇಳಿದಾಗ ಎದುರಿನವರಿಗೆ ವಿಷಯ ತಿಳಿದವರು ಮಾತಾಡುತ್ತಿದ್ದಾರೆ ಎಂದು ಅರ್ಥವಾಗುತ್ತದೆ. ಒಪ್ಪಿದ ದರಕ್ಕೆ ಡೀಲ್ ಸಂಖ್ಯೆ ಕೊಡುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ಆ ಸಂಖ್ಯೆ ಅರ್ಜಿಯೊಂದಿಗೆ ಸೇರದಿದ್ದರೆ ಸಂಜೆ ಖಾತೆಯಿಂದ ಹಣ ಹೋಗುವುದು ಕಾರ್ಡ್ ರೇಟಿನಲ್ಲಿಯೇ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಡೀಲ್ ರೇಟ್ ಕೆಲವೇ ನಿಮಿಷ ನಿಲ್ಲುವ ದರ, ಆದ್ದರಿಂದ ಕಾಗದಗಳೆಲ್ಲ ಪರಿಶೀಲನೆಯಾಗಿ, ಪೂರ್ತಿ ಹಣ ಖಾತೆಯಲ್ಲಿ ಬಂದು ಕುಳಿತ ಮೇಲೆಯೇ ಅದನ್ನು ಕೇಳಬೇಕು. ಎರಡನೆಯದು, ಪ್ರತಿ ಬ್ಯಾಂಕಿಗೂ ಮಧ್ಯಾಹ್ನದ ಗಡುವಿನ ಸಮಯವೊಂದು ಇರುತ್ತದೆ. ಅದು ದಾಟಿದರೆ ಮರುದಿನದ ದರ. ಬೆಳಿಗ್ಗೆ ಹೋಗುವುದು ಒಳ್ಳೆಯದು.

ನಮ್ಮ ಉದಾಹರಣೆಯಲ್ಲಿ ಬ್ಯಾಂಕು 40 ಪೈಸೆಯ ಮಾರ್ಜಿನ್‌ಗೆ ಒಪ್ಪಿತು ಎನ್ನೋಣ, ದರ 90.40. ಸ್ಪ್ರೆಡ್ 12,600 ರೂಪಾಯಿಯಿಂದ 3,600 ರೂಪಾಯಿಗೆ ಇಳಿಯಿತು.

ಬ್ಯಾಂಕು ಜಗ್ಗದಿದ್ದರೆ, ಕ್ಲಿಯರಿಂಗ್ ಕಾರ್ಪೊರೇಷನ್ ಆಫ್ ಇಂಡಿಯಾ 2019ರಿಂದ ನಡೆಸುತ್ತಿರುವ ಎಫ್‌ಎಕ್ಸ್-ರೀಟೇಲ್ ಎಂಬ ವೇದಿಕೆಯ ಹೆಸರು ಹೇಳಿ ನೋಡಬಹುದು. ಸಣ್ಣ ಗ್ರಾಹಕರೂ ಮಾರುಕಟ್ಟೆಯ ದರದಲ್ಲಿಯೇ ಡಾಲರ್ ಕೊಳ್ಳಲಿ, ಬ್ಯಾಂಕು ತನ್ನ ಶುಲ್ಕವನ್ನು ಬೇರೆಯಾಗಿ ತಿಳಿಸಿ ಪಡೆಯಲಿ ಎಂಬ ಉದ್ದೇಶದಿಂದ ಅದು ಹುಟ್ಟಿದ್ದು. ನಿಮ್ಮ ಬ್ಯಾಂಕಿನ ಮೂಲಕವೇ ನೋಂದಾಯಿಸಬೇಕಾದ್ದರಿಂದ ಕೊನೆಯ ವಾರದಲ್ಲಿ ಇದು ಕೈಗೆಟುಕುವ ದಾರಿಯಲ್ಲ. ಮೊದಲ ಕಂತಿಗೆ ಆಗದಿದ್ದರೂ ಎರಡನೆಯದಕ್ಕೆ ಸಿದ್ಧವಾಗಿಟ್ಟುಕೊಳ್ಳಬಹುದು.

ಹಂತ 3: ಎಲ್ಲವನ್ನೂ ಒಂದೇ ಅಂಕಿಗೆ ಇಳಿಸಿ ಹೋಲಿಸಿ

ಬೇರೆ ಬೇರೆ ಬ್ಯಾಂಕುಗಳ ಶುಲ್ಕಪಟ್ಟಿಯನ್ನು ಸಾಲು ಸಾಲಾಗಿ ಹೋಲಿಸಲು ಹೊರಟರೆ ತಲೆ ಕೆಡುತ್ತದೆ. ಕೇಳಬೇಕಾದ ಪ್ರಶ್ನೆ ಒಂದೇ: ವಿಶ್ವವಿದ್ಯಾಲಯದ ಖಾತೆಗೆ ಸರಿಯಾಗಿ 9,000 ಡಾಲರ್ ತಲುಪಲು ನನ್ನ ಖಾತೆಯಿಂದ ಒಟ್ಟು ಎಷ್ಟು ರೂಪಾಯಿ ಹೋಗುತ್ತದೆ? ಆ ಮೊತ್ತವನ್ನು 9,000ದಿಂದ ಭಾಗಿಸಿದರೆ ಬರುವುದೇ ನಿಮ್ಮ ನಿಜವಾದ ದರ.

ಒಟ್ಟು ಮೊತ್ತಕ್ಕೆ ಸೇರುವವು ನಾಲ್ಕು. ಡಾಲರಿನ ಬೆಲೆ, ವಿನಿಮಯದ ಮೇಲಿನ ಜಿಎಸ್‌ಟಿ, ಬ್ಯಾಂಕಿನ ರವಾನೆ ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ, ದಾರಿಯಲ್ಲಿರುವ ವಿದೇಶಿ ಬ್ಯಾಂಕುಗಳ ಶುಲ್ಕ. ಇವುಗಳಲ್ಲಿ ವಿನಿಮಯದ ಜಿಎಸ್‌ಟಿ ಜನರನ್ನು ಅನಗತ್ಯವಾಗಿ ಹೆದರಿಸುತ್ತದೆ. ಎಂಟು ಲಕ್ಷಕ್ಕೆ ಶೇಕಡ 18 ಎಂದರೆ ಒಂದೂವರೆ ಲಕ್ಷವಾಗುತ್ತದಲ್ಲ ಎಂದು ಗಾಬರಿಯಿಂದ ಕೇಳಿದವರಿದ್ದಾರೆ. ತೆರಿಗೆ ಬೀಳುವುದು ಪೂರ್ತಿ ಮೊತ್ತದ ಮೇಲಲ್ಲ, ನಿಯಮದಲ್ಲಿ ಗೊತ್ತುಮಾಡಿರುವ ಸಣ್ಣ ಮೌಲ್ಯದ ಮೇಲೆ. ಮೊದಲ ಒಂದು ಲಕ್ಷ ರೂಪಾಯಿಗೆ ಆ ಮೌಲ್ಯ ಶೇಕಡ 1, ಅಲ್ಲಿಂದ ಹತ್ತು ಲಕ್ಷದವರೆಗೆ ಶೇಕಡ 0.5, ಅದರ ಮೇಲೆ ಶೇಕಡ 0.1. ಹೀಗೆ ಬಂದ ಮೌಲ್ಯಕ್ಕೆ ಶೇಕಡ 18 ತೆರಿಗೆ.

ಡೀಲ್ ರೇಟಿನಲ್ಲಿ ನಮ್ಮ ಕಂತು 8,13,600 ರೂಪಾಯಿ. ಮೊದಲ ಲಕ್ಷಕ್ಕೆ 1,000, ಉಳಿದ 7,13,600ಕ್ಕೆ 3,568, ಒಟ್ಟು ಮೌಲ್ಯ 4,568. ಅದರ ಶೇಕಡ 18 ಎಂದರೆ ಸುಮಾರು 822 ರೂಪಾಯಿ. ಕಾರ್ಡ್ ರೇಟಿನಲ್ಲಿ ಇದೇ ತೆರಿಗೆ 830 ರೂಪಾಯಿ. ಯಾವ ಬ್ಯಾಂಕಿಗೆ ಹೋದರೂ ಇದರಲ್ಲಿ ವ್ಯತ್ಯಾಸ ಬರುವುದಿಲ್ಲ, ಹಾಗಾಗಿ ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಮೂರು ದಾರಿಗಳನ್ನು ಪಕ್ಕಪಕ್ಕ ಇಡೋಣ. ರವಾನೆ ಶುಲ್ಕ 1,000 ರೂಪಾಯಿ, ವಿದೇಶಿ ಬ್ಯಾಂಕುಗಳ ಶುಲ್ಕ 1,500 ರೂಪಾಯಿ, ಎರಡಕ್ಕೂ ಜಿಎಸ್‌ಟಿ ಸೇರಿಸಿ 2,950 ರೂಪಾಯಿ ಎಂದು ಇಟ್ಟುಕೊಂಡರೆ, ಕಾರ್ಡ್ ರೇಟಿನಲ್ಲಿ ಒಟ್ಟು 8,26,380 ರೂಪಾಯಿ ಹೋಗುತ್ತದೆ, ನಿಜವಾದ ದರ ಡಾಲರಿಗೆ 91.82. ಡೀಲ್ ರೇಟಿನಲ್ಲಿ ಒಟ್ಟು 8,17,372 ರೂಪಾಯಿ, ನಿಜವಾದ ದರ 90.82. ಮೂರನೆಯದು ‘ಶೂನ್ಯ ಶುಲ್ಕ’ ಎಂದು ಜಾಹೀರಾತು ಮಾಡುವ ಸೇವೆ. ಅಲ್ಲಿ ರವಾನೆ ಶುಲ್ಕವೂ ಇಲ್ಲ, ವಿದೇಶಿ ಬ್ಯಾಂಕಿನ ಶುಲ್ಕವೂ ಇಲ್ಲ, ಆದರೆ ದರ 91.60 ಎಂದುಕೊಳ್ಳಿ. ಒಟ್ಟು 8,25,232 ರೂಪಾಯಿ, ನಿಜವಾದ ದರ 91.69. ಶುಲ್ಕವೇ ಇಲ್ಲದ ಸೇವೆ, ಎರಡು ಬಗೆಯ ಶುಲ್ಕ ತೆಗೆದುಕೊಂಡ ಬ್ಯಾಂಕಿಗಿಂತ 7,860 ರೂಪಾಯಿ ದುಬಾರಿಯಾಯಿತು. ದರವನ್ನು ಕೇಳದೆ ಶುಲ್ಕವನ್ನಷ್ಟೇ ಕೇಳಿದವರಿಗೆ ಇದು ಕಾಣುವುದೇ ಇಲ್ಲ.

ಅನೇಕ ವಿಶ್ವವಿದ್ಯಾಲಯಗಳು ಫ್ಲೈವೈರ್‌ನಂಥ ಪಾವತಿ ಸಂಸ್ಥೆಗಳ ಮೂಲಕ ರೂಪಾಯಿಯಲ್ಲಿಯೇ ಕಟ್ಟಲು ಅವಕಾಶ ಕೊಡುತ್ತವೆ. ಅಲ್ಲಿ ಪರದೆಯ ಮೇಲೆ ಕಾಣುವ ಒಟ್ಟು ರೂಪಾಯಿಯನ್ನು ಇದೇ ರೀತಿ 9,000ದಿಂದ ಭಾಗಿಸಿ ನೋಡಿ. ಅದರಲ್ಲಿ ಒಂದು ಅನುಕೂಲವಿದೆ: ವಿದ್ಯಾರ್ಥಿಯ ಗುರುತಿನ ಸಂಖ್ಯೆ ಹಣದ ಜೊತೆಗೇ ಹೋಗುತ್ತದೆ, ಮೊತ್ತ ಕಡಿಮೆ ತಲುಪುವ ತಂಟೆ ಇರುವುದಿಲ್ಲ. ಡೀಲ್ ರೇಟಿನ ಒಟ್ಟು ಮೊತ್ತಕ್ಕಿಂತ ಸಾವಿರ ಎರಡು ಸಾವಿರ ಹೆಚ್ಚಾದರೂ ಕೊನೆಯ ದಿನಾಂಕ ಹತ್ತಿರವಿದ್ದಾಗ ನಾನು ಆ ದಾರಿಯನ್ನೇ ಹಿಡಿಯಲು ಹೇಳುತ್ತೇನೆ. ಕ್ರೆಡಿಟ್ ಕಾರ್ಡಿನಲ್ಲಿ ಕಟ್ಟುವ ಯೋಚನೆ ಬೇಡ. ವಿಶ್ವವಿದ್ಯಾಲಯದ ಹೆಚ್ಚುವರಿ ಶುಲ್ಕ ಮತ್ತು ಕಾರ್ಡಿನ ವಿದೇಶಿ ವಿನಿಮಯ ಮಾರ್ಕಪ್ ಎರಡೂ ಸೇರಿ ಮೇಲಿನ ಮೂರು ದಾರಿಗಳನ್ನೂ ಮೀರಿಸುತ್ತವೆ.

ಶಿಕ್ಷಣ ಸಾಲ ಪಡೆದವರಿಗೆ ಇಲ್ಲಿ ಒಂದು ಮಾತು. ಸಾಲ ಕೊಟ್ಟ ಬ್ಯಾಂಕೇ ಹಣವನ್ನು ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಳುಹಿಸುವುದು ರೂಢಿ, ಆಗ ಯಾರೂ ದರ ಕೇಳುವುದಿಲ್ಲವಾದ್ದರಿಂದ ಕಾರ್ಡ್ ರೇಟೇ ಬೀಳುತ್ತದೆ. ಆ ಹೆಚ್ಚುವರಿ ಒಂಬತ್ತು ಸಾವಿರ ರೂಪಾಯಿ ನಿಮ್ಮ ಸಾಲದ ಅಸಲಿಗೆ ಸೇರಿ ವರ್ಷಗಟ್ಟಲೆ ಬಡ್ಡಿ ಎಳೆಯುತ್ತದೆ. ಕಂತು ಬಿಡುಗಡೆಗೆ ಅರ್ಜಿ ಕೊಡುವಾಗಲೇ ಡೀಲ್ ರೇಟ್ ಬೇಕೆಂದು ಬರೆದು ಕೊಡಿ.

ಹಂತ 4: ಟಿಸಿಎಸ್ ಎಷ್ಟು, ಯಾರ ಹೆಸರಿನಲ್ಲಿ

ಟಿಸಿಎಸ್ ಎಂದರೆ ಮೂಲದಲ್ಲಿಯೇ ಸಂಗ್ರಹಿಸುವ ತೆರಿಗೆ. ವಿದೇಶಕ್ಕೆ ಹಣ ಕಳುಹಿಸುವಾಗ ಬ್ಯಾಂಕು ಇದನ್ನು ನಿಮ್ಮಿಂದ ಪಡೆದು ನಿಮ್ಮ ಪ್ಯಾನ್ ಸಂಖ್ಯೆಗೆ ಸರ್ಕಾರದಲ್ಲಿ ಜಮಾ ಮಾಡುತ್ತದೆ. ಇದು ಖರ್ಚಲ್ಲ, ಆದಾಯ ತೆರಿಗೆ ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು. ಹಂತ 3ರ ಲೆಕ್ಕದಲ್ಲಿ ಅದನ್ನು ಸೇರಿಸದಿರಲು ಕಾರಣ ಅದೇ. ಆದರೆ ಕಟ್ಟುವ ದಿನ ಆ ಹಣವೂ ಖಾತೆಯಲ್ಲಿರಬೇಕು, ಇಲ್ಲದಿದ್ದರೆ ರವಾನೆಯೇ ನಿಲ್ಲುತ್ತದೆ.

ಒಬ್ಬ ವ್ಯಕ್ತಿ ಒಂದು ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಕಳುಹಿಸುವ ಮೊದಲ 10 ಲಕ್ಷ ರೂಪಾಯಿಗೆ ಟಿಸಿಎಸ್ ಇಲ್ಲ. ಮಾರ್ಚ್ 2025ರವರೆಗೆ ಈ ಮಿತಿ 7 ಲಕ್ಷವಿತ್ತು. ಮಿತಿ ಮೀರಿದ ಭಾಗಕ್ಕೆ ಶಿಕ್ಷಣದ ರವಾನೆಯಾದರೆ 2025–26ರಲ್ಲಿ ಶೇಕಡ 5 ಇತ್ತು, 2026ರ ಬಜೆಟ್ಟಿನಲ್ಲಿ ಅದನ್ನು ಶೇಕಡ 2ಕ್ಕೆ ಇಳಿಸಲಾಯಿತು. ಬಡ್ಡಿಗೆ 80ಇ ವಿನಾಯಿತಿ ಸಿಗುವಂಥ ಬ್ಯಾಂಕು ಅಥವಾ ಹಣಕಾಸು ಸಂಸ್ಥೆಯ ಶಿಕ್ಷಣ ಸಾಲದಿಂದ ಕಟ್ಟುವ ಶುಲ್ಕಕ್ಕೆ ಏಪ್ರಿಲ್ 2025ರಿಂದ ಟಿಸಿಎಸ್ ಇಲ್ಲವೇ ಇಲ್ಲ. ನೆಂಟರಿಂದ ಪಡೆದ ಕೈಸಾಲಕ್ಕೆ ಈ ವಿನಾಯಿತಿ ಅನ್ವಯಿಸದು.

ನಮ್ಮ ಉದಾಹರಣೆಯಲ್ಲಿ ತಂದೆಯೊಬ್ಬರೇ ಎರಡೂ ಕಂತು ಕಟ್ಟಿದರೆ ವರ್ಷದ ಒಟ್ಟು 16,27,200 ರೂಪಾಯಿ. ಆಗಸ್ಟ್ ಕಂತಿಗೆ ಟಿಸಿಎಸ್ ಬೀಳುವುದಿಲ್ಲ. ಜನವರಿಯಲ್ಲಿ ಮಿತಿ ಮೀರಿದ 6,27,200ಕ್ಕೆ ಶೇಕಡ 2ರಂತೆ 12,544 ರೂಪಾಯಿ ಹಿಡಿಯುತ್ತಾರೆ. ಮೊದಲ ಕಂತಿಗೆ ಏನೂ ಹಿಡಿಯದೆ ಎರಡನೆಯದಕ್ಕೆ ಹಿಡಿದರೆಂದು ಬ್ಯಾಂಕಿನೊಡನೆ ಜಗಳಕ್ಕೆ ನಿಲ್ಲುವವರಿದ್ದಾರೆ. ಲೆಕ್ಕ ಸರಿಯಾಗಿಯೇ ಇರುತ್ತದೆ. ಮಿತಿ ವ್ಯಕ್ತಿಗೆ ಹೊರತು ಬ್ಯಾಂಕಿಗಲ್ಲ. ಬ್ಯಾಂಕು ಬದಲಿಸಿದರೆ ಹೊಸ ಮಿತಿ ಸಿಗುವುದಿಲ್ಲ, ಅದೇ ವರ್ಷ ಬೇರೆ ಕಾರಣಕ್ಕೆ ಕಳುಹಿಸಿದ ಹಣವೂ ಅದರಲ್ಲಿಯೇ ಸೇರುತ್ತದೆ.

ಆಗಸ್ಟ್ ಕಂತನ್ನು ತಂದೆ, ಜನವರಿ ಕಂತನ್ನು ತಾಯಿ ತಮ್ಮತಮ್ಮ ಖಾತೆ ಮತ್ತು ಪ್ಯಾನ್‌ನಿಂದ ಕಟ್ಟಿದರೆ ಇಬ್ಬರ ಮೊತ್ತವೂ 10 ಲಕ್ಷದೊಳಗೆ ಉಳಿದು ಟಿಸಿಎಸ್ ಬೀಳುವುದಿಲ್ಲ. ಇದು ನಿಯಮಬದ್ಧವೇ. ಆದರೆ ತಾಯಿಯ ಖಾತೆಗೆ ಹಣ ಎಲ್ಲಿಂದ ಬಂತು ಎಂದು ಬ್ಯಾಂಕು ಕೇಳಿದರೆ ತೋರಿಸಲು ದಾಖಲೆ ಇರಲಿ. ಇಬ್ಬರಿಗೂ ಸಾಕಷ್ಟು ತೆರಿಗೆ ಕಟ್ಟುವ ಆದಾಯವಿದ್ದರೆ ಈ ತಾಪತ್ರಯವೂ ಬೇಡ. ಸಂಬಳದವರು ಹಿಡಿದಿರುವ ಟಿಸಿಎಸ್ ವಿವರವನ್ನು ಕಚೇರಿಗೆ ಕೊಟ್ಟು, ಉಳಿದ ತಿಂಗಳುಗಳ ಟಿಡಿಎಸ್‌ನಲ್ಲಿ ಹೊಂದಿಸಿಕೊಳ್ಳುವ ಅವಕಾಶ ಅಕ್ಟೋಬರ್ 2024ರಿಂದ ಇದೆ. ತೆರಿಗೆ ವ್ಯಾಪ್ತಿಗೆ ಬಾರದ ಕೃಷಿ ಕುಟುಂಬಗಳು ಮಾತ್ರ ಟಿಸಿಎಸ್ ವಾಪಸ್ ಪಡೆಯಲು ರಿಟರ್ನ್ ಸಲ್ಲಿಸಲೇಬೇಕು. ಬ್ಯಾಂಕಿನಿಂದ ತಾನಾಗಿ ಅದು ಮರಳಿ ಬರುವುದಿಲ್ಲ.

ಹಂತ 5: ಎ2 ಅರ್ಜಿ ತುಂಬುವಾಗ ಉದ್ದೇಶದ ಸಂಕೇತ ನೋಡಿ

ಭಾರತದ ನಿವಾಸಿಯೊಬ್ಬರು ವರ್ಷಕ್ಕೆ 2,50,000 ಡಾಲರ್‌ವರೆಗೆ ಹೊರದೇಶಕ್ಕೆ ಕಳುಹಿಸಲು ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆ ಅವಕಾಶ ಕೊಡುತ್ತದೆ. ಬ್ಯಾಂಕಿನವರು ಇದನ್ನು ಎಲ್‌ಆರ್‌ಎಸ್ ಎನ್ನುತ್ತಾರೆ. ಅದಕ್ಕೆ ತುಂಬುವ ಅರ್ಜಿಯೇ ಎ2. ಅದರಲ್ಲಿ ಹಣ ಯಾವ ಉದ್ದೇಶಕ್ಕೆ ಎಂಬ ಸಂಕೇತ ಆರಿಸಬೇಕು. ವಿದೇಶದಲ್ಲಿ ಓದುತ್ತಿರುವವರ ಶುಲ್ಕ ಮತ್ತು ಹಾಸ್ಟೆಲ್ ಖರ್ಚಿನ ಸಂಕೇತ S0305.

ಆನ್‌ಲೈನಿನಲ್ಲಿ ತುಂಬುವಾಗ ‘ಕುಟುಂಬದ ನಿರ್ವಹಣೆ’ ಎಂಬ S1301 ಆಯ್ಕೆ ಕಣ್ಣಿಗೆ ಬೀಳುತ್ತದೆ, ಮಗಳ ಖರ್ಚಿಗೆ ತಾನೇ ಎಂದು ಅದನ್ನು ಒತ್ತುವವರು ಬಹಳ. ಹಾಗೆ ಮಾಡಿದರೆ ಅದು ಶಿಕ್ಷಣದ ರವಾನೆಯಾಗಿ ದಾಖಲಾಗುವುದಿಲ್ಲ, 10 ಲಕ್ಷ ಮೀರಿದ ಭಾಗಕ್ಕೆ ಶೇಕಡ 20 ಟಿಸಿಎಸ್ ಬೀಳುತ್ತದೆ. ನಮ್ಮ ಉದಾಹರಣೆಯಲ್ಲಿ ಜನವರಿಯ 12,544 ರೂಪಾಯಿಯ ಜಾಗದಲ್ಲಿ 1,25,440 ರೂಪಾಯಿ ಹಿಡಿಯುತ್ತಾರೆ. ಮರಳಿ ಸಿಗುವ ಹಣವೇ ಆದರೂ ಮುಂದಿನ ರಿಟರ್ನ್ ಇತ್ಯರ್ಥವಾಗುವವರೆಗೆ ಅದು ಕೈಗೆ ಬರದು.

ಹಂತ 6: OUR ಆರಿಸಿ, ಗುರುತಿನ ಸಂಖ್ಯೆ ಬರೆಯಿರಿ

ನಿಮ್ಮ ಬ್ಯಾಂಕಿನಿಂದ ಹೊರಟ ಡಾಲರ್ ನೇರವಾಗಿ ವಿಶ್ವವಿದ್ಯಾಲಯದ ಬ್ಯಾಂಕಿಗೆ ಹೋಗುವುದು ಕಡಿಮೆ. ನಡುವೆ ನ್ಯೂಯಾರ್ಕಿನಂಥ ಕಡೆ ಇನ್ನೊಂದು ಬ್ಯಾಂಕು ಇರುತ್ತದೆ, ಅದನ್ನು ಮಧ್ಯವರ್ತಿ ಬ್ಯಾಂಕು ಎನ್ನುತ್ತಾರೆ, ಅದಕ್ಕೂ ಒಂದು ಶುಲ್ಕವಿದೆ. ಆ ಶುಲ್ಕ ಯಾರದು ಎಂಬುದನ್ನು ಅರ್ಜಿಯ ಒಂದು ಸಣ್ಣ ಚೌಕ ತೀರ್ಮಾನಿಸುತ್ತದೆ. OUR ಎಂದರೆ ಎಲ್ಲ ಶುಲ್ಕವೂ ಕಳುಹಿಸುವವರದು. SHA ಎಂದರೆ ಇಲ್ಲಿನದು ನಿಮ್ಮದು, ಅಲ್ಲಿನದನ್ನು ಮೊತ್ತದಿಂದಲೇ ಕಳೆಯುತ್ತಾರೆ. BEN ಎಂದರೆ ಎಲ್ಲವೂ ಪಡೆಯುವವರದು.

ಆನ್‌ಲೈನ್ ಅರ್ಜಿಗಳಲ್ಲಿ ಅನೇಕ ವೇಳೆ SHA ಮೊದಲೇ ಆಯ್ಕೆಯಾಗಿರುತ್ತದೆ. ಅದನ್ನು ಹಾಗೆಯೇ ಬಿಟ್ಟರೆ 9,000 ಡಾಲರ್ ಹೊರಟು 8,975ರಷ್ಟು ತಲುಪುವುದು ಸಾಮಾನ್ಯ. ವಿಶ್ವವಿದ್ಯಾಲಯದ ಲೆಕ್ಕದ ಯಂತ್ರಕ್ಕೆ ಇಪ್ಪತ್ತೈದು ಡಾಲರ್ ಬಾಕಿಯೂ ಬಾಕಿಯೇ. ವಿದ್ಯಾರ್ಥಿಯ ಖಾತೆಗೆ ತಡೆ ಬೀಳುತ್ತದೆ, ಮುಂದಿನ ಸೆಮಿಸ್ಟರಿಗೆ ವಿಷಯ ನೋಂದಾಯಿಸಲು ಹೋದಾಗಲೇ ಅದು ಗೊತ್ತಾಗುತ್ತದೆ. ಆ ಇಪ್ಪತ್ತೈದು ಡಾಲರ್ ಕಳುಹಿಸಲು ಮತ್ತೆ ರವಾನೆ ಶುಲ್ಕ ಕಟ್ಟಬೇಕು. ಶುಲ್ಕದ ಕಂತಿಗೆ OUR ಒಂದೇ ಸರಿಯಾದ ಆಯ್ಕೆ, ಅದರ ದರ ಸ್ವಲ್ಪ ಹೆಚ್ಚೆನಿಸಿದರೂ ಸರಿ.

ಖಾತೆಯ ವಿವರವನ್ನು ವಿಶ್ವವಿದ್ಯಾಲಯದ ವಿದ್ಯಾರ್ಥಿ ಪೋರ್ಟಲ್‌ನಿಂದಲೇ ತೆಗೆದುಕೊಳ್ಳಿ. ‘ಖಾತೆ ಬದಲಾಗಿದೆ’ ಎಂದು ಇಮೇಲಿನಲ್ಲಿ ಬಂದ ಸಂಖ್ಯೆಗೆ, ಪೋರ್ಟಲ್‌ನಲ್ಲಿ ಪರಿಶೀಲಿಸದೆ, ಹಣ ಕಳುಹಿಸಬೇಡಿ. ಅಮೆರಿಕದ ಬ್ಯಾಂಕುಗಳಿಗೆ ಯುರೋಪಿನಂತೆ ಐಬಿಎಎನ್ ಸಂಖ್ಯೆ ಇರುವುದಿಲ್ಲ. ಖಾತೆ ಸಂಖ್ಯೆ, ಬ್ಯಾಂಕಿನ ಸ್ವಿಫ್ಟ್ ಸಂಕೇತ ಮತ್ತು ಒಂಬತ್ತು ಅಂಕಿಯ ರೂಟಿಂಗ್ ಸಂಖ್ಯೆ ಇರುತ್ತವೆ. ರೂಟಿಂಗ್ ಸಂಖ್ಯೆ ಎರಡು ಬಗೆಯದು ಕೊಟ್ಟಿದ್ದರೆ ಎಸಿಎಚ್ ಎಂದಿರುವುದನ್ನು ಬಿಟ್ಟು ವೈರ್ ಎಂದಿರುವುದನ್ನು ಬರೆಯಬೇಕು. ಸಂದೇಶದ ಜಾಗದಲ್ಲಿ ವಿದ್ಯಾರ್ಥಿಯ ಪೂರ್ಣ ಹೆಸರು ಮತ್ತು ವಿಶ್ವವಿದ್ಯಾಲಯ ಕೊಟ್ಟಿರುವ ಗುರುತಿನ ಸಂಖ್ಯೆ ಇರಲೇಬೇಕು. ಹಣ ಬರುವುದು ತಂದೆಯ ಅಥವಾ ತಾಯಿಯ ಹೆಸರಿನಲ್ಲಿ. ಆ ಸಂಖ್ಯೆ ಇಲ್ಲದಿದ್ದರೆ ಅದು ಯಾರ ಶುಲ್ಕ ಎಂದು ಅಲ್ಲಿನವರಿಗೆ ತಿಳಿಯುವ ದಾರಿಯಿಲ್ಲ, ಹಣ ವಾರಗಟ್ಟಲೆ ಅಲ್ಲಿಯೇ ಬಿದ್ದಿರುತ್ತದೆ.

ಹಂತ 7: ಕಳುಹಿಸಿದ ಮೇಲೆ

ಬ್ಯಾಂಕಿನಿಂದ ಎರಡು ಕಾಗದ ಕೇಳಿ ಪಡೆಯಿರಿ. ಒಂದು ಡೆಬಿಟ್ ಅಡ್ವೈಸ್, ಅಂದರೆ ಯಾವ ದರದಲ್ಲಿ, ಯಾವ ಶುಲ್ಕ ಸೇರಿಸಿ ಎಷ್ಟು ಹಣ ಹೋಯಿತೆಂಬ ವಿವರ. ಅದರಲ್ಲಿ ಡೀಲ್ ಮಾಡಿದ ದರವೇ ಇದೆಯೇ ಎಂದು ಆ ದಿನವೇ ನೋಡಿ. ತಪ್ಪಿದ್ದರೆ ಅದೇ ದಿನ ತಿದ್ದಿಸುವುದು ಸುಲಭ, ವಾರದ ಮೇಲೆ ಕಷ್ಟ. ಇನ್ನೊಂದು ಸ್ವಿಫ್ಟ್ ಸಂದೇಶದ ಪ್ರತಿ. ಅದರಲ್ಲಿ UETR ಎಂಬ 36 ಅಕ್ಷರಗಳ ಗುರುತು ಇರುತ್ತದೆ. ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ, ದಾರಿಯಲ್ಲಿ ಎಷ್ಟು ಕಳೆದರು ಎಂಬುದನ್ನು ಬ್ಯಾಂಕು ಅದರಿಂದ ಪತ್ತೆ ಮಾಡಬಲ್ಲದು. ವಿದ್ಯಾರ್ಥಿಗೆ ಈ ಪ್ರತಿಯನ್ನು ಕಳುಹಿಸಿದರೆ ಹಣ ಜಮಾ ಆಗುವ ಮೊದಲೇ ಶುಲ್ಕ ಕಚೇರಿಗೆ ತೋರಿಸಬಹುದು.

ಸಾಮಾನ್ಯವಾಗಿ ಒಂದರಿಂದ ಮೂರು ಕೆಲಸದ ದಿನಗಳಲ್ಲಿ ಹಣ ತಲುಪುತ್ತದೆ. ರಜೆಗಳನ್ನು ಎರಡೂ ಕಡೆ ಲೆಕ್ಕ ಹಾಕಿ. ಜನವರಿ ಕಂತಿಗೆ ಅಡ್ಡಬರುವುದು ಇಲ್ಲಿನ ಸಂಕ್ರಾಂತಿ, ಅಲ್ಲಿನ ಹೊಸ ವರ್ಷದ ದಿನ ಮತ್ತು ಜನವರಿಯ ಮೂರನೆಯ ಸೋಮವಾರ ಬರುವ ಮಾರ್ಟಿನ್ ಲೂಥರ್ ಕಿಂಗ್ ದಿನ.

ಕೊನೆಯದಾಗಿ, ದರ ಮುಂದೆ ಏರಬಹುದೆಂದು ಎರಡೂ ಕಂತನ್ನು ಒಟ್ಟಿಗೆ ಕಟ್ಟುವುದು, ಇಲ್ಲವೇ ಇರಲಿ ಎಂದು ಬಿಲ್ಲಿಗಿಂತ ಹೆಚ್ಚು ಕಳುಹಿಸುವುದರ ಬಗ್ಗೆ. ವೀಸಾ ಸಿಗದೆ ಅಥವಾ ಪ್ರವೇಶ ಬಿಟ್ಟು ಹಣ ಮರಳಿ ಬಂದರೆ, ಬ್ಯಾಂಕು ಆ ಡಾಲರನ್ನು ನಿಮ್ಮಿಂದ ಕೊಳ್ಳುವುದು ಟಿಟಿ ಬೈಯಿಂಗ್ ದರದಲ್ಲಿ. ಮಾರುಕಟ್ಟೆಯ ದರ 90ರಲ್ಲಿಯೇ ನಿಂತಿದ್ದರೂ ಮಾರುವಾಗ 91.40 ಹಾಕಿದ ಬ್ಯಾಂಕು ಕೊಳ್ಳುವಾಗ 88.60 ಕೊಟ್ಟರೆ, 9,000 ಡಾಲರಿನ ಒಂದು ಹೋಗಿಬರುವಿಕೆಗೆ 25,200 ರೂಪಾಯಿ ಸ್ಪ್ರೆಡ್ಡಿನಲ್ಲಿಯೇ ಕರಗುತ್ತದೆ, ಶುಲ್ಕಗಳು ಬೇರೆ. ಆದ್ದರಿಂದ ವೀಸಾ ಕೈಗೆ ಬರುವವರೆಗೆ ಪ್ರವೇಶ ಉಳಿಸಿಕೊಳ್ಳಲು ಬೇಕಾದ ಕನಿಷ್ಠ ಮೊತ್ತವನ್ನು ಮಾತ್ರ ಕಳುಹಿಸಿ. ವಾಪಸಾದ ಹಣಕ್ಕೂ ಡೀಲ್ ರೇಟ್ ಕೇಳಬಹುದು. ಹಣ ಬಂದಿದೆ ಎಂಬ ಸೂಚನೆ ಸಿಕ್ಕ ಕೂಡಲೇ, ಬ್ಯಾಂಕು ತಾನಾಗಿ ರೂಪಾಯಿಗೆ ಬದಲಿಸುವ ಮುನ್ನ, ಶಾಖೆಗೆ ಫೋನ್ ಮಾಡಿ ತಿಳಿಸಬೇಕು.